ಮೇಲ್ ಕತ್ತರಿಸುವ ಅಭ್ಯಾಸ, ಮೂರನೇ ಕಂತು: 331 ಪದದಿಂದ 59ಕ್ಕೆ

ಬುಧವಾರ ರಾತ್ರಿ

ಕಾಫಿ ಹುರಿದು ಬೀಸಿ ಗೊತ್ತಿದ್ದವರಿಗೆ ಕಳಿಸೋದು ನನ್ನ ಹವ್ಯಾಸ. ಅದರ ಜೊತೆಗೆ ಬೇಡ ಅಂದ್ರೂ ಬಂದಿರುವ ಇನ್ನೊಂದು ಕೆಲಸ ಮೇಲ್ ಬರೆಯೋದು. ಹುರಿಯೋದರಲ್ಲಿ ಕೈ ಪಳಗಿದೆ. ಮೇಲ್ ಬರೆಯೋದರಲ್ಲಿ ಇನ್ನೂ ಇಲ್ಲ. ಯಾರಾದರೂ ಒಂದು ದೂರು ಹೇಳಿದರೆ ಸಾಕು, ಪುರಾಣ ಶುರು ಮಾಡುತ್ತೇನೆ. ಅದಕ್ಕೇ ಜೂನಿನಿಂದ ಈ ಟಿಪ್ಪಣಿ ಇಟ್ಟುಕೊಂಡಿದ್ದೇನೆ. ಮೊದಲ ಎರಡು ಕಂತಿನಲ್ಲಿ ಹಳೆಯ ಮೇಲ್‌ಗಳನ್ನು ಸುಮ್ನೆ ಅಭ್ಯಾಸಕ್ಕೆ ಕತ್ತರಿಸಿದ್ದೆ. ಇವತ್ತಿನದು ನಿಜವಾದದ್ದು.

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ಗೃಹಪ್ರವೇಶಕ್ಕೆ ಎರಡು ಕೆ.ಜಿ. ಫಿಲ್ಟರ್ ಪುಡಿ ತರಿಸಿಕೊಂಡಿದ್ದರು. ಎಂಬತ್ತು ಭಾಗ ಕಾಫಿ, ಇಪ್ಪತ್ತು ಭಾಗ ಚಿಕೋರಿ. ಇವತ್ತು ಸಂಜೆ ಅವರ ಮೇಲ್ ಬಂತು. ಪುಡಿ ಎರಡು ದಿನ ತಡವಾಗಿ ಬಂದಿದೆ, ರವೆಯ ಹಾಗೆ ದಪ್ಪ ಇದೆ, ನೀರು ಹಾಕಿದರೆ ಸರ್ರನೆ ಇಳಿದು ತೆಳ್ಳಗಿನ ಡಿಕಾಕ್ಷನ್ ಬರುತ್ತಿದೆ ಅಂತ. ಕೊನೆಗೆ ಎರಡು ಪ್ರಶ್ನೆ. ಭಾನುವಾರದೊಳಗೆ ಸರಿಯಾದ ಪುಡಿ ಕಳಿಸಲು ಆಗುತ್ತಾ, ಇಲ್ಲದಿದ್ದರೆ ಇಲ್ಲೇ ತೆಗೆದುಕೊಳ್ಳಲಾ? ಈ ಪುಡಿಯನ್ನು ಏನು ಮಾಡಲಿ?

ಓದಿದವನೇ ಬರೆಯಲು ಕೂತೆ. ಮುಗಿಯುವಾಗ ಹನ್ನೊಂದು ಗಂಟೆ. ಶುರು ಹೀಗಿತ್ತು:

"ನಮಸ್ಕಾರ ಸರ್. ನಿಮ್ಮ ಮೇಲ್ ನೋಡಿ ನಿಜಕ್ಕೂ ಬೇಸರವಾಯಿತು. ಆರು ವರ್ಷದಿಂದ ಪುಡಿ ಕಳಿಸುತ್ತಿದ್ದೇವೆ, ಇವತ್ತಿನವರೆಗೂ ಯಾರೊಬ್ಬರೂ ಹೀಗೆ ಹೇಳಿಲ್ಲ. ನಿಮಗೇ ಗೊತ್ತಿರುವ ಹಾಗೆ ಕೊಡಗಿನಲ್ಲಿ ಈಗ ಜೋರು ಮಳೆ. ಸೋಮವಾರಪೇಟೆ ಕಡೆ ಮೂರು ದಿನ ಕರೆಂಟೇ ಇರಲಿಲ್ಲ. ತಡವಾಗಬಹುದು ಅಂತ ನಾನು ಮೊದಲೇ ಹೇಳಿದ್ದೆ..."

ಕಳಿಸುವ ಗುಂಡಿ ಒತ್ತಲಿಲ್ಲ. ಜೂನಿನಲ್ಲಿ ನನಗೆ ನಾನೇ ಮಾಡಿಕೊಂಡ ಒಂದೇ ಒಂದು ನಿಯಮ ಇದು: ರಾತ್ರಿ ಬರೆದದ್ದು ಬೆಳಿಗ್ಗೆ ಹೋಗಬೇಕು.

ಗುರುವಾರ ಬೆಳಿಗ್ಗೆ, ಆರೂವರೆ

ಪ್ರಿಂಟ್ ತೆಗೆದು ಎಣಿಸಿದೆ. 331 ಪದ, 34 ವಾಕ್ಯ. ಮೊದಲು ನನ್ನ ಮೇಲ್ ಬದಿಗಿಟ್ಟು ಅವರದ್ದನ್ನು ಇನ್ನೊಮ್ಮೆ ಓದಿದೆ. ಅವರ ಎರಡು ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕಿಟ್ಟುಕೊಂಡು, ನನ್ನ ಪ್ರತಿ ವಾಕ್ಯದ ಮುಂದೆ ಅದು ಏನು ಮಾಡುತ್ತಿದೆ ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ.

ಪ್ರಶ್ನೆಗೆ ಉತ್ತರ ಕೊಡುವ ವಾಕ್ಯ ನಾಲ್ಕು. ಮಳೆ ಮತ್ತು ಕರೆಂಟಿನ ಬಗ್ಗೆ ಹನ್ನೊಂದು. ಕೊರಿಯರಿನವರ ಮೇಲೆ ಆರು. ನಮ್ಮ ಆರು ವರ್ಷದ ಹೆಗ್ಗಳಿಕೆ ಏಳು. ಮೇಷ್ಟ್ರಿಗೇ ತಿರುಗಿಸಿ ಹೇಳಿದ್ದು ಐದು, ಅದರಲ್ಲಿ "ಫಿಲ್ಟರಿನ ತೂತು ದೊಡ್ಡದಿದ್ದರೂ ಹೀಗಾಗುತ್ತದೆ" ಅನ್ನೋದೂ ಒಂದು. ಈಗ ಓದಿದರೆ ಕಿವಿ ಬಿಸಿಯಾಗುತ್ತದೆ.

ಒಂದು ವಾಕ್ಯ ಉಳಿಯಿತು. ಇಪ್ಪತ್ತಾರನೆಯದು: "ಮಿಷನ್ ಸೆಟ್ಟಿಂಗ್ ಸ್ವಲ್ಪ ಬದಲಾಗಿದ್ದರಿಂದ ಪುಡಿ ದಪ್ಪ ಬಂದಿರಬಹುದು."

ನಡೆದದ್ದು ಇಷ್ಟೇ. ಹಿಂದಿನ ದಿನ ಇನ್ನೊಬ್ಬರು ಫ್ರೆಂಚ್ ಪ್ರೆಸ್‌ಗೆ ದಪ್ಪ ಪುಡಿ ಕೇಳಿದ್ದರು. ಮಿಷನ್ನಿನ ತಿರುಪನ್ನು ದಪ್ಪಕ್ಕೆ ತಿರುಗಿಸಿದ್ದೆ, ವಾಪಸ್ ತರಲು ಮರೆತೆ. ಮಳೆಗೂ ಇದಕ್ಕೂ ಸಂಬಂಧ ಇಲ್ಲ. ಅಂದ್ರೆ ಅವರ ಮುಖ್ಯ ದೂರಿಗೆ ಇದ್ದ ಒಂದೇ ನಿಜವಾದ ಕಾರಣ ಇಪ್ಪತ್ತಾರನೇ ಸಾಲಿನಲ್ಲಿ, ಅದೂ "ಬಂದಿರಬಹುದು" ಅನ್ನೋ ಮುಸುಕು ಹಾಕಿಕೊಂಡು ಕೂತಿತ್ತು. ಹಿಂದಿನ ಎರಡು ಕಂತಿನಲ್ಲೂ ಇದೇ ಕಂಡಿದ್ದೆ. ನಾಚಿಕೆ ಆಗುವ ವಾಕ್ಯದ ಸುತ್ತ ಉಳಿದ ವಾಕ್ಯಗಳು ಬೇಲಿ ಕಟ್ಟಿರುತ್ತವೆ. ಅದನ್ನು ಹುಡುಕಿ ಮೇಲಕ್ಕೆ ತಂದರೆ ಬೇಲಿ ತಾನಾಗಿ ಬೀಳುತ್ತದೆ, ಒಂದೊಂದಾಗಿ ಕೀಳಬೇಕಿಲ್ಲ.

ಮೇಲಕ್ಕೆ ತರುವಾಗ ಕ್ರಿಯಾಪದದಲ್ಲಿ ಎಡವಿದೆ. ಕನ್ನಡದಲ್ಲಿ ಜಾರಿಕೊಳ್ಳೋದು ಬಹಳ ಸುಲಭ. "ಬದಲಾಗಿದೆ", "ತಡವಾಯಿತು", "ತಪ್ಪಾಗಿದೆ". ಎಲ್ಲವೂ ತಾನೇ ಆಗಿಬಿಡುತ್ತದೆ, ಮಾಡಿದವನೇ ಇಲ್ಲ! "ಬದಲಾಗಿದೆ" ಹೊಡೆದು "ನಾನು ಬದಲಿಸಲಿಲ್ಲ" ಅಂತ ಬರೆದೆ. ಬರೆಯುವಾಗ ಕೈ ಸ್ವಲ್ಪ ತಡೆಯಿತು. ಆದರೆ ವಾಕ್ಯ ಚಿಕ್ಕದಾಯಿತು. ಅದರ ಹಿಂದೆ ವಿವರಣೆ ಹೇಳುವ ಅಗತ್ಯವೂ ಹೋಯಿತು.

ಮಳೆಯ ಹನ್ನೊಂದು ವಾಕ್ಯ ತೆಗೆಯೋದು ಮಾತ್ರ ನಿಜಕ್ಕೂ ಕಷ್ಟ. ಯಾಕೆಂದರೆ ಅವು ಸುಳ್ಳಲ್ಲ. ಕರೆಂಟ್ ಇರಲಿಲ್ಲ, ತಡ ಆಗಿದ್ದು ಅದರಿಂದಲೇ. ಆದರೆ ಮೇಷ್ಟ್ರು ತಡದ ಬಗ್ಗೆ ಪ್ರಶ್ನೆ ಕೇಳಿರಲಿಲ್ಲ, ಹೇಳಿದ್ದರು ಅಷ್ಟೇ. ಕಾರಣ ಇಡಬೇಕೋ ಬೇಡವೋ ಅನ್ನೋದಕ್ಕೆ ನಾನು ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದನ್ನು ಓದಿ ಅವರು ಮುಂದೆ ಮಾಡುವ ಕೆಲಸ ಏನಾದರೂ ಬದಲಾಗುತ್ತಾ? ಕರೆಂಟ್ ಇನ್ನೂ ಬಂದಿಲ್ಲ ಅಂತಿದ್ದರೆ ಬದಲಾಗುತ್ತಿತ್ತು. ಅವರು ಮೈಸೂರಲ್ಲೇ ಪುಡಿ ತೆಗೆದುಕೊಳ್ಳುತ್ತಿದ್ದರು. ಬಂದಾಗಿದೆ. ಹಾಗಾಗಿ ಹನ್ನೊಂದೂ ಹೋದವು.

ಗುರುವಾರ, ಎಂಟು ಗಂಟೆ

ಕತ್ತರಿಸುವ ಹುಮ್ಮಸ್ಸಿನಲ್ಲಿ ಇಲ್ಲಿಗೆ ಬಂದು ನಿಂತೆ:

"ನಮಸ್ಕಾರ. ತಪ್ಪಾಗಿದೆ, ಕ್ಷಮಿಸಿ. ನಾಳೆ ಬೆಳಗಿನ ಬಸ್ಸಿನಲ್ಲಿ ಎರಡು ಕೆ.ಜಿ. ಕಳಿಸುತ್ತೇನೆ. ಮಧ್ಯಾಹ್ನ ತೆಗೆದುಕೊಳ್ಳಿ. ಬೇಡವಾದರೆ ಇವತ್ತೇ ಹೇಳಿ. ಹಳೆಯದು ವಾಪಸ್ ಬೇಡ."

ಹದಿನೇಳು ಪದ. ಹೆಮ್ಮೆಯಿಂದ ಅತ್ತಿಗೆಗೆ ತೋರಿಸಿದೆ. ಅವರು ಅಕ್ಕಿ ಆರಿಸುತ್ತಲೇ ಓದಿ, "ಸಾಲ ವಸೂಲಿಗೆ ಬಂದವರ ಮಾತಿನ ಹಾಗಿದೆ ಕಣಪ್ಪ" ಅಂದರು. ಉತ್ತರ ಎಲ್ಲ ಇದೆಯಲ್ಲ ಅತ್ತಿಗೆ ಅಂದೆ. "ಉತ್ತರ ಇದೆ. ಎದುರಿಗೊಬ್ಬರು ಮೇಷ್ಟ್ರು ಇದ್ದಾರೆ ಅಂತ ಎಲ್ಲಿದೆ?"

ಹೌದು. ಹೆಗ್ಗಳಿಕೆ ಕೀಳುವಾಗ ಮರ್ಯಾದೆಯನ್ನೂ ಬೇರುಸಹಿತ ಕಿತ್ತಿದ್ದೆ. ಅಲ್ಲಿಂದ ಮುಂದೆ ಒಂದು ಗಂಟೆ ಹೋಗಿದ್ದು ಕತ್ತರಿಸೋದಕ್ಕಲ್ಲ, ವಾಪಸ್ ಹಾಕೋದಕ್ಕೆ. ಏನು ಹಾಕಿದರೆ ಮರ್ಯಾದೆ, ಏನು ಹಾಕಿದರೆ ಬರೀ ಉದ್ದ ಅಂತ ಒಂದೊಂದೇ ಹಾಕಿ ಜೋರಾಗಿ ಓದಿ ನೋಡಿದೆ.

"ದಯವಿಟ್ಟು" ಹಾಕಿದೆ, ಏನೂ ಮೆತ್ತಗಾಗಲಿಲ್ಲ. "ದಯವಿಟ್ಟು ತೆಗೆದುಕೊಳ್ಳಿ" ಬ್ಯಾಂಕಿನ ನೋಟಿಸಿನ ಹಾಗೆ ಕೇಳಿಸಿತು. ಕೆಲಸ ಮಾಡಿದ್ದು ಕ್ರಿಯಾಪದದ ಬಾಲ. "ಕಳಿಸಿ" ಅಂದರೆ ಅಪ್ಪಣೆ. "ಕಳಿಸಿಕೊಡಿ" ಅಂದರೆ ಕೋರಿಕೆ. "ಕಳಿಸಿಕೊಡಬಹುದೇ" ಅಂದರೆ ಆಗೋಲ್ಲ ಅನ್ನಲು ಅವರಿಗೆ ದಾರಿ ಇದೆ. ಪದದ ಲೆಕ್ಕದಲ್ಲಿ ಮೂರೂ ಒಂದೇ. ನಮ್ಮ ಭಾಷೆಯ ಮರ್ಯಾದೆ ಜಾಗ ತಿನ್ನೋದೇ ಕಡಿಮೆ, ನಾನು ಅದನ್ನು ದೊಡ್ಡ ದೊಡ್ಡ ವಾಕ್ಯಗಳಲ್ಲಿ ಹುಡುಕುತ್ತಿದ್ದೆ.

ಎರಡನೆಯದು ಕ್ಷಮೆ. "ನಿಮಗೆ ತೊಂದರೆ ಆಗಿದ್ದರೆ ಕ್ಷಮಿಸಿ" ಅಂತ ಮೂಲದಲ್ಲಿತ್ತು. ಆ "ಆಗಿದ್ದರೆ" ಇದ್ದಷ್ಟು ಹೊತ್ತು ಅದು ಕ್ಷಮೆಯಲ್ಲ, ಅನುಮಾನ. ಬರೀ "ಕ್ಷಮಿಸಿ" ಅಂದರೆ ಯಾವುದಕ್ಕೆ ಅಂತ ತಿಳಿಯೋದಿಲ್ಲ. ಮನೆ ತುಂಬ ನೆಂಟರು ಬರುವ ಹೊತ್ತಿನಲ್ಲಿ ಅವರಿಗೆ ಇನ್ನೊಂದು ಓಡಾಟ ಹಚ್ಚಿದ್ದೇನೆ. ಅದನ್ನೇ ಹೇಳಿದೆ, ಒಂದು ಸಲ. ಮೂಲದಲ್ಲಿ ಮೂರು ಕಡೆ ಕ್ಷಮೆ ಕೇಳಿದ್ದೆ. ಮೂರೂ ಸೇರಿ ಒಂದರಷ್ಟು ತೂಕ ಇರಲಿಲ್ಲ.

ಆಮೇಲೆ "ಏ". ಇದನ್ನು ಕಂಡುಹಿಡಿದಿದ್ದಕ್ಕೆ ನನಗೆ ಖುಷಿ. ನನ್ನ ಮೂಲದಲ್ಲಿ ಸಿಟ್ಟಿನ ಪದ ಒಂದೂ ಇರಲಿಲ್ಲ, ಆದರೂ ಓದಿದರೆ ಚುಚ್ಚುತ್ತಿತ್ತು. ಎಲ್ಲಿಂದ ಅಂತ ನೋಡಿದರೆ "ನಿಮಗೇ ಗೊತ್ತಿರುವ ಹಾಗೆ", "ಮೊದಲೇ ಹೇಳಿದ್ದೆ", "ನೀವೇ ಕೊಟ್ಟ ವಿಳಾಸ". ಮುಳ್ಳು ಇರೋದು ಆ ಒಂದು ದೀರ್ಘದಲ್ಲಿ. ಅದನ್ನು ತೆಗೆದು "ನೀವು ಕೊಟ್ಟ ವಿಳಾಸ" ಅಂತ ಓದಿ, ಸುಮ್ಮನಾಗುತ್ತದೆ. ಹಾಗಂತ ಎಲ್ಲ "ಏ"ನೂ ಕೆಟ್ಟದ್ದಲ್ಲ. "ನಾಳೆಯೇ ಕಳಿಸುತ್ತೇನೆ" ಅಂದರೆ ಅದು ನನ್ನ ಮೇಲೆ ನಾನು ಹಾಕಿಕೊಂಡ ಭಾರ. ನಿಮ್ಮ ಮೇಲೆ ಅಥವಾ ಆಗಿಹೋದದ್ದರ ಮೇಲೆ ಕೂತಾಗ ಮಾತ್ರ ಅದು ಜಗಳ. ಹದಿನೇಳು ಪದದ ಕರಡಿನಲ್ಲೂ ಒಂದು ಉಳಿದಿತ್ತು ನೋಡಿ, "ಇವತ್ತೇ ಹೇಳಿ".

ಹೋಗಿದ್ದು ಇದು:

"ನಮಸ್ಕಾರ ಸರ್,

ಪುಡಿ ದಪ್ಪ ಬಂದಿರುವುದು ನನ್ನ ತಪ್ಪು. ಬೇರೆ ಆರ್ಡರಿಗೆ ಮಿಷನ್ ದಪ್ಪಕ್ಕೆ ಇಟ್ಟಿದ್ದೆ, ನಿಮ್ಮದು ಬೀಸುವ ಮುಂಚೆ ಬದಲಿಸಲಿಲ್ಲ. ಗೃಹಪ್ರವೇಶದ ಗಡಿಬಿಡಿಯಲ್ಲಿ ನಿಮಗೆ ಇನ್ನೊಂದು ಕೆಲಸ ಹೆಚ್ಚಿಸಿದೆ, ಕ್ಷಮಿಸಿ.

ಹೊಸದಾಗಿ ಬೀಸಿದ ಎರಡು ಕೆ.ಜಿ. ಪುಡಿಯನ್ನು ನಾಳೆ ಬೆಳಗಿನ ಬಸ್ಸಿನಲ್ಲಿ ಕಳಿಸುತ್ತೇನೆ. ಮಧ್ಯಾಹ್ನ ಬಸ್ ನಿಲ್ದಾಣದಿಂದ ತರಲು ಯಾರನ್ನಾದರೂ ಕಳಿಸಿಕೊಡಬಹುದೇ? ಆಗದಿದ್ದರೆ ಇವತ್ತು ಸಂಜೆಯೊಳಗೆ ತಿಳಿಸಿ, ಪೂರ್ತಿ ದುಡ್ಡು ವಾಪಸ್ ಹಾಕುತ್ತೇನೆ.

ದಪ್ಪ ಪುಡಿ ಹಿಂದಕ್ಕೆ ಕಳಿಸುವುದು ಬೇಡ. ಬಿಸಿನೀರಲ್ಲಿ ನಾಲ್ಕು ನಿಮಿಷ ನೆನೆಸಿ ಸೋಸಿದರೆ ಅದೂ ಕುಡಿಯಲು ಚೆನ್ನಾಗಿರುತ್ತದೆ."

ನನ್ನ ಹೆಸರು ಬಿಟ್ಟು 59 ಪದ. ಕೊನೆಯ ವಾಕ್ಯ ಇಡಲೋ ಬೇಡವೋ ಅಂತ ಎರಡು ಸಲ ತೆಗೆದು ಹಾಕಿದೆ. "ಏನು ಮಾಡಲಿ" ಅಂತ ಕೇಳಿದವರಿಗೆ ಬರೀ "ಬೇಡ" ಅಂದರೆ ಅರ್ಧ ಉತ್ತರ, ಅಲ್ವಾ? ಇಟ್ಟೆ.

ಶುಕ್ರವಾರ

ನಿನ್ನೆ ಹನ್ನೊಂದು ಗಂಟೆಗೆ ಉತ್ತರ ಬಂದಿತ್ತು: "ಆಗಲಿ, ಮಗ ಹೋಗಿ ತರುತ್ತಾನೆ." ಇವತ್ತು ಬೆಳಿಗ್ಗೆ ಪಾರ್ಸೆಲ್ ಬಸ್ಸಿಗೆ ಹಾಕಿ ಬಂದೆ. ಮಿಷನ್ನಿನ ತಿರುಪಿನ ಮೇಲೆ ಫಿಲ್ಟರಿನ ಜಾಗಕ್ಕೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದೇನೆ. ಅತ್ತಿಗೆಯದ್ದು.

ಮುಂದಿನ ಮಂಗಳವಾರ

ಇದೇ ಕತ್ತರಿಯನ್ನು ಇನ್ನೊಂದು ಮೇಲ್ ಮೇಲೆ ಆಡಿಸಲು ಹೋಗಿ ನಿಲ್ಲಿಸಿದೆ. ಕಾಫಿ ಬೀಜ ಕೊಡುವವರ ಜೊತೆ ದುಡ್ಡಿನ ಲೆಕ್ಕ ತಾಳೆಯಾಗುತ್ತಿಲ್ಲ. ಅಲ್ಲಿ ಯಾವ ದಿನ ಎಷ್ಟು ಚೀಲ ಬಂತು, ಎಷ್ಟು ಕೊಟ್ಟೆ ಅನ್ನೋದನ್ನು ಕತ್ತರಿಸಿದರೆ ನಾಳೆ ತೋರಿಸಲು ಏನೂ ಇರೋಲ್ಲ. ತಾರೀಕು ಮತ್ತು ಮೊತ್ತವನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದೆ. ಮೇಲ್‌ನಲ್ಲಿ ಉಳಿದಿದ್ದು ನನ್ನ ಲೆಕ್ಕದ ಮೊತ್ತ, ಅವರ ಮೊತ್ತ, ಎರಡರ ವ್ಯತ್ಯಾಸ, ಮತ್ತೆ ಯಾವತ್ತು ಕೂತು ನೋಡೋಣ ಅನ್ನೋ ಪ್ರಶ್ನೆ. ಉತ್ತರ ಇನ್ನೂ ಬಂದಿಲ್ಲ.

ಮೇಷ್ಟ್ರು ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಡಿಕಾಕ್ಷನ್ ಗಟ್ಟಿಯಾಗಿ ಬಂತಂತೆ. ಮಾತು ಮುಗಿಯುವಾಗ, "ಮತ್ತೆ, ನಿಮ್ಮ ಕಡೆ ಮಳೆ ಹೇಗಿದೆ?" ಅಂತ ಕೇಳಿದರು. ಹೊಡೆದುಹಾಕಿದ ಹನ್ನೊಂದು ವಾಕ್ಯವನ್ನೂ ಒಂದು ಬಿಡದೆ ಹೇಳಿದೆ.