ಫೀಸ್ ಮೆಸೇಜಿನಲ್ಲಿ ತಾರೀಖು ಇರಬೇಕು

2025ರ ಆಗಸ್ಟ್ ಫೀಸ್ ಮೆಸೇಜು ಕಳಿಸಿದ ರಾತ್ರಿ ಒಬ್ಬ ಹುಡುಗನ ಮನೆಯಿಂದ 1600 ರೂಪಾಯಿ ಬಂತು. ನಾನು ಕೇಳಿದ್ದು 2400. ಒಂದು ಮಾತಿಲ್ಲ, ಮೆಸೇಜಿಲ್ಲ, ದುಡ್ಡು ಮಾತ್ರ ಬಂದಿತ್ತು. ಹತ್ತು ನಿಮಿಷ ಫೋನ್ ಕೈಯಲ್ಲಿ ಹಿಡಿದು ಕೂತೆ. ಉಳಿದಿದ್ದು ಯಾವಾಗ ಅಂತ ಕೇಳಿದರೆ ದುಡ್ಡಿಗೆ ಬಾಯಿಬಿಟ್ಟ ಹಾಗೆ, ಸುಮ್ಮನಿದ್ದರೆ ಮುಂದಿನ ತಿಂಗಳೂ ಇದೇ ಕಥೆ. ಕೊನೆಗೆ ನಾನೇ ಫೋನ್ ಮಾಡಿದೆ.

"ಮೇಡಂ, ಹುಡುಗ ಬಂದಿದ್ದೇ ಎಂಟು ಕ್ಲಾಸು. ಎಂಟಕ್ಕೆ ಹಾಕಿದ್ದೀನಿ" ಅಂದರು ಹುಡುಗನ ತಂದೆ. ದನಿಯಲ್ಲಿ ಜಗಳ ಇರಲಿಲ್ಲ, ಅಂಗಡಿ ಲೆಕ್ಕ ಒಪ್ಪಿಸುವ ಹಾಗೆ ಹೇಳಿದರು. ಹಿಂದಿನಿಂದ ಹುಡುಗನ ತಾಯಿ, "ವರಮಹಾಲಕ್ಷ್ಮಿ ದಿನ ಮನೇಲಿ ಕಳಶ ಕೂರಿಸಿದ್ವಿ, ಹೆಂಗೆ ಕಳಿಸೋದು ಹೇಳಿ?" ಅಂದರು. ನನ್ನ ಹತ್ತಿರ ಆ ಕ್ಷಣಕ್ಕೆ ಉತ್ತರ ಇರಲಿಲ್ಲ. ಹಾಜರಿ ಪುಸ್ತಕ ನೋಡಿ ಹೇಳ್ತೀನಿ ಅಂತ ಫೋನಿಟ್ಟೆ.

ತುಮಕೂರಿನ ಎಸ್.ಎಸ್. ಪುರಂನಲ್ಲಿ ಮನೆಯಲ್ಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಒಂದು ಬ್ಯಾಚಿಗೆ ಆರು ಮಕ್ಕಳು, ಸೋಮ, ಬುಧ, ಶುಕ್ರ ಸಂಜೆ. ತಿಂಗಳು ಮುಗಿದ ಮೇಲೆ ಫೀಸ್. 12 ಕ್ಲಾಸಿಗೆ 2400, ಅಂದರೆ ಕ್ಲಾಸಿಗೆ 200. ಸೇರಿಸುವ ದಿನ ಎಲ್ಲರಿಗೂ ಇಷ್ಟು ಹೇಳಿರುತ್ತೇನೆ. ಕ್ಲಾಸ್ ತಪ್ಪಿದರೆ ಏನು ಅನ್ನುವುದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಮೆಸೇಜಿನಲ್ಲಿ ಇದ್ದದ್ದು ಒಂದೇ ಸಾಲು: "ಆಗಸ್ಟ್ ಫೀಸ್ 2400, ದಯವಿಟ್ಟು 5ನೇ ತಾರೀಖಿನೊಳಗೆ ಕಳಿಸಿ."

ಪುಸ್ತಕ ತೆಗೆದು ಆ ತಿಂಗಳನ್ನು ಬಿಡಿಸಿದೆ. ಆಗಸ್ಟಿನಲ್ಲಿ ನಮ್ಮ ಬ್ಯಾಚಿನ ಕ್ಲಾಸ್ ದಿನಗಳು ಲೆಕ್ಕಕ್ಕೆ 13 ಬಿದ್ದಿದ್ದವು. 15 ಸ್ವಾತಂತ್ರ್ಯ ದಿನ, 27 ಗಣೇಶನ ಹಬ್ಬ, ಎರಡೂ ರಜೆ. 20ರಂದು ಅತ್ತೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು, ಸಂಜೆ ಕ್ಲಾಸ್ ಇಲ್ಲ ಅಂತ ಮಧ್ಯಾಹ್ನ ನಾಲ್ಕಕ್ಕೆ ತಿಳಿಸಿದ್ದೆ. ಅದರ ಬದಲು 24ನೇ ತಾರೀಖು ಭಾನುವಾರ ಬೆಳಿಗ್ಗೆ ತೆಗೆದುಕೊಂಡೆ. ಅಲ್ಲಿಗೆ ನಡೆದಿದ್ದು 11 ಕ್ಲಾಸು. ಈ ಹುಡುಗ ಮೂರಕ್ಕೆ ಬಂದಿರಲಿಲ್ಲ. 8ರಂದು ವರಮಹಾಲಕ್ಷ್ಮಿ ಹಬ್ಬ, ಬರಲ್ಲ ಅಂತ ಹೇಳಿರಲಿಲ್ಲ, ಉಳಿದ ಐವರು ಬಂದಿದ್ದರು. 22ಕ್ಕೆ ಅವರ ಅಕ್ಕನ ಮಗುವಿನ ನಾಮಕರಣ, ಹಿಂದಿನ ಸಂಜೆಯೇ ತಿಳಿಸಿದ್ದರು. 24ಕ್ಕೆ ಊರಲ್ಲಿರಲಿಲ್ಲ, ಆ ಭಾನುವಾರದ ಕ್ಲಾಸನ್ನು ನಾನು ಶನಿವಾರ ರಾತ್ರಿ ತಿಳಿಸಿದ್ದೆ.

ಅವರ ಪ್ರಕಾರ ಮೂರೂ ಒಂದೇ, ಬಂದಿಲ್ಲ, ಅಷ್ಟೇ. ಆದರೆ ಮೂರೂ ಬೇರೆ ಬೇರೆ.

8ನೇ ತಾರೀಖಿನ ಕ್ಲಾಸಿಗೆ ದುಡ್ಡು ಮುರಿಯುವುದಿಲ್ಲ. ಅವನ ಜಾಗ ಅವನಿಗೇ ಮೀಸಲು, ಪಾಠ ನಡೆದಿದೆ, ಆ ಸಂಜೆ ನಾನು ಬೇರೆಯವರಿಗೆ ಆ ಜಾಗ ಕೊಡುವ ಹಾಗಿಲ್ಲ. 22ರದ್ದು ಹಿಂದಿನ ದಿನವೇ ಹೇಳಿದ್ದಾರೆ, ಅದಕ್ಕೆ ದುಡ್ಡಲ್ಲ, ಪಾಠ ವಾಪಸ್ ಕೊಡಬೇಕು. ಅವತ್ತು ವರ್ಗ ಸಮೀಕರಣ ಶುರು ಮಾಡಿದ್ದೆ, ಅಪವರ್ತಿಸಿ ಬಿಡಿಸುವುದು ತಪ್ಪಿದರೆ ಹುಡುಗ ಮುಂದಿನ ಲೆಕ್ಕಗಳಲ್ಲಿ ಕೈ ಕಟ್ಟಿ ಕೂರುತ್ತಾನೆ. 200 ರೂಪಾಯಿ ವಾಪಸ್ ಕೊಟ್ಟರೆ ಅದು ಸರಿಹೋಗುತ್ತಾ? ಮಂಗಳ, ಗುರು, ಶನಿವಾರದ ಬ್ಯಾಚು ಪಾಠದಲ್ಲಿ ಹಿಂದಿರುತ್ತದೆ, ಅಲ್ಲಿ ಒಂದು ದಿನ ಕೂರಿಸಬಹುದು. 24ರದ್ದು ಮಾತ್ರ ನನ್ನ ತಲೆಗೆ. ಕ್ಲಾಸ್ ತಪ್ಪಿಸಿದ್ದು ನಾನು, ಬದಲಿ ದಿನ ಗೊತ್ತು ಮಾಡಿದ್ದೂ ನಾನು. ಆ ದಿನ ಆಗದವರಿಗೆ 200 ಮುರಿಯಲೇಬೇಕು. ಇದರ ಮೇಲೆ, 12 ಅಂತ ಹೇಳಿ 11 ಮಾಡಿದ್ದೇನೆ. ಅದಕ್ಕೆ ಎಲ್ಲರಿಗೂ ಇನ್ನೊಂದು 200.

ಅಂದರೆ 1600 ಕೂಡ ಸರಿಯಲ್ಲ, 2400 ಕೂಡ ಸರಿಯಲ್ಲ. ಸರಿಯಾದದ್ದು 2000.

ಇನ್ನೊಂದು ಸಂಗತಿ ಜಾಸ್ತಿ ಚುಚ್ಚಿತು. ಜುಲೈಯಲ್ಲಿ ಒಂದೂ ರಜೆ ಇಲ್ಲದೆ 13 ಕ್ಲಾಸ್ ನಡೆದಿತ್ತು, ಒಂದು ಹೆಚ್ಚು. ಅದನ್ನು ಆಗಸ್ಟಿನ ಕೊರತೆಗೆ ತುಂಬಿಕೊಂಡಿದ್ದರೆ ಲೆಕ್ಕ ಅಲ್ಲಿಗೆ ಸರಿ. ಆದರೆ ಜುಲೈ ಮೆಸೇಜಿನಲ್ಲಿ "ಒಂದು ಕ್ಲಾಸ್ ಜಾಸ್ತಿ ಆಗಿದೆ, ಹಬ್ಬದ ತಿಂಗಳಿಗೆ ಸೇರಿಸುತ್ತೇನೆ" ಅಂತ ಬರೆದಿರಲಿಲ್ಲ. ದುಡ್ಡಿನ ತಕರಾರು ಎದ್ದ ಮೇಲೆ ಅದನ್ನು ತೆಗೆದರೆ ಯಾರು ಒಪ್ಪುತ್ತಾರೆ? ನಾನೇ ಪಾಲಕಿಯಾಗಿದ್ದರೂ ಒಪ್ಪುತ್ತಿರಲಿಲ್ಲ. ಬಿಟ್ಟುಬಿಟ್ಟೆ.

ಮರುದಿನ ಅವರಿಗೆ ಕಳಿಸಿದ ಮೆಸೇಜು ಇದು:

"ಆಗಸ್ಟ್ ಫೀಸ್ 2000. ಬಂದಿದ್ದು 1600, ಬಾಕಿ 400.
ನಡೆದ ಕ್ಲಾಸ್ 11: ತಾರೀಖು 1, 4, 6, 8, 11, 13, 18, 22, 24 (20ರ ಬದಲು), 25, 29. ರಜೆ: 15, 27.
ಹುಡುಗ ಬರದ ದಿನ: 8 (ತಿಳಿಸಿರಲಿಲ್ಲ), 22 (ಮೊದಲೇ ತಿಳಿಸಿದ್ದಿರಿ), 24 (ಬದಲಿ ಕ್ಲಾಸ್).
2400ರಲ್ಲಿ ಮುರಿದದ್ದು: 12ಕ್ಕೆ ಒಂದು ಕ್ಲಾಸ್ ಕಡಿಮೆ ಆಗಿದ್ದಕ್ಕೆ 200, 24ನೇ ತಾರೀಖಿಗೆ 200.
22ರ ಪಾಠಕ್ಕೆ ಎರಡು ವಾರದೊಳಗೆ ಮಂಗಳ, ಗುರು, ಶನಿವಾರದ ಬ್ಯಾಚಿಗೆ ಒಂದು ದಿನ ಬರಲಿ. ಯಾವ ದಿನ ಅಂತ ತಿಳಿಸಿ."

ಅರ್ಧ ಗಂಟೆಯಲ್ಲಿ 400 ಬಂತು. "ಶನಿವಾರ ಕಳಿಸ್ತೀನಿ ಮೇಡಂ" ಅಂತ ಒಂದು ಸಾಲೂ ಬಂತು. 8ನೇ ತಾರೀಖಿನ ಬಗ್ಗೆ ಮತ್ತೆ ಯಾರೂ ಕೇಳಲಿಲ್ಲ. ಆಗಲೇ 2400 ಕೊಟ್ಟಿದ್ದ ಮನೆಗಳಿಗೂ ಅವತ್ತೇ ಬರೆದೆ, 200 ಸೆಪ್ಟೆಂಬರಿನಲ್ಲಿ ಮುರಿಯುತ್ತೇನೆ ಅಂತ. ಒಂದೇ ಬೀದಿಯವರು, ಸಂಜೆ ತರಕಾರಿ ಗಾಡಿ ಹತ್ತಿರ ಮಾತು ಬಂದೇ ಬರುತ್ತದೆ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಆ ಬ್ಯಾಚು ಉಳಿಯುವುದಿಲ್ಲ.

ಮೊದಲ ಸಾಲಿನಲ್ಲೇ ಮೊತ್ತ ಹಾಕುವುದಕ್ಕೆ ಕಾರಣ ಇದೆ. ವಾಟ್ಸಾಪ್ ಉದ್ದದ ಮೆಸೇಜನ್ನು ಅರ್ಧಕ್ಕೆ ಮಡಚಿಡುತ್ತದೆ, ಮುಂದಿನದು ಓದಲು ಒತ್ತಬೇಕು. ಮೊತ್ತ ಕೆಳಗಿದ್ದರೆ ಕೆಲವರು ನೋಡುವುದೇ ಇಲ್ಲ. ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ನಂಬಬೇಡಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡಿಲ್ಲದವರಿಗೆ ಅದು ತಲುಪುವುದೇ ಇಲ್ಲ, ಮೇಲಾಗಿ ಒಂದೊಂದು ಮನೆಯ ಲೆಕ್ಕ ಒಂದೊಂದು. ಗ್ರೂಪಿನಲ್ಲಂತೂ ಒಬ್ಬರ ಹಾಜರಿ ಇನ್ನೊಬ್ಬರು ನೋಡುವ ಹಾಗೆ ಹಾಕಲೇಬಾರದು. ದುಡ್ಡು ಕಳಿಸುವಾಗ ಮಗುವಿನ ಹೆಸರು ನೋಟ್‌ನಲ್ಲಿ ಬರೆಯಿರಿ ಅಂತಲೂ ಈಗ ಸೇರಿಸುತ್ತೇನೆ, ಮಾವನ ಫೋನಿಂದಲೋ ಚಿಕ್ಕಪ್ಪನ ಫೋನಿಂದಲೋ ಬಂದರೆ ಯಾರದ್ದು ಅಂತ ಹುಡುಕುವುದರಲ್ಲೇ ಸಂಜೆ ಹೋಗುತ್ತದೆ.

ತಾರೀಖುಗಳನ್ನು ತಿಂಗಳ ಕೊನೆಗೆ ನೆನಪಿನಿಂದ ಬರೆಯಲು ಆಗುವುದಿಲ್ಲ. ಮಕ್ಕಳು ಎದ್ದು ಹೋಗುವ ಮೊದಲೇ ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ಬಾರದವನ ಹೆಸರಿನ ಮುಂದೆ ಮನೆಯವರು ತಿಳಿಸಿದ್ದರೆ ಎಷ್ಟು ಗಂಟೆಗೆ ಅನ್ನುವುದನ್ನೂ ಬರೆಯುತ್ತೇನೆ. ಬದಲಿ ಕ್ಲಾಸ್ ಇಟ್ಟರೆ ಕನಿಷ್ಠ ಎರಡು ದಿನ ಮೊದಲು ತಿಳಿಸುತ್ತೇನೆ, ಬರಲು ಆಗುತ್ತಾ ಅಂತ ಪ್ರತಿ ಮನೆಯಿಂದ ಉತ್ತರ ತರಿಸಿಕೊಳ್ಳುತ್ತೇನೆ. ಆಗುತ್ತೆ ಅಂದು ಬಾರದಿದ್ದರೆ ಆಮೇಲೆ ಮುರಿಯುವುದಿಲ್ಲ.

ಮೊದಲೇ ತಿಳಿಸಿರಬೇಕು ಅನ್ನುವ ನಿಯಮ ಹಬ್ಬಕ್ಕೆ, ಮದುವೆಗೆ, ನೆಗಡಿಗೆ ಮಾತ್ರ. ಮಗು ಡೆಂಗಿ, ಟೈಫಾಯ್ಡ್ ಅಂತ ಎರಡು ವಾರ ಮಲಗಿದರೆ ಮೊದಲೇ ತಿಳಿಸಿದರಾ ಅಂತ ನೋಡುವುದಿಲ್ಲ, ಬಂದ ಕ್ಲಾಸಿಗಷ್ಟೇ ಫೀಸ್. ಅದನ್ನೂ ಈಗ ಸೇರುವ ದಿನವೇ ಬರೆದು ಕೊಡುತ್ತೇನೆ.