ಮೈಲುತುತ್ತದ ಲೆಕ್ಕ ಎಷ್ಟನೇ ನಿಮಿಷದಲ್ಲಿದೆ?

ಮೇ ತಿಂಗಳ ಕೊನೆಯ ವಾರ. ಸಾಗರದ ಕಡೆಯ ಹಿರಿಯ ಅಡಿಕೆ ಬೆಳೆಗಾರರೊಬ್ಬರೊಡನೆ ಕೊಳೆರೋಗದ ಬಗ್ಗೆ ನನ್ನ ಗೆಳತಿ ನಡೆಸಿದ್ದ ಮಾತುಕತೆ ಮರುದಿನ ಬೆಳಿಗ್ಗೆ ನಮ್ಮ ಪಾಡ್‌ಕಾಸ್ಟಿನಲ್ಲಿ ಬರಬೇಕಿತ್ತು. ಮಾತನಾಡಿಸುವುದು ಅವಳ ಕೆಲಸ. ಧ್ವನಿಯನ್ನು ಕತ್ತರಿಸಿ ಜೋಡಿಸುವುದು, ಕಂತಿನ ಕೆಳಗೆ ಹಾಕುವ ಟಿಪ್ಪಣಿಯನ್ನು ಬರೆಯುವುದು ನನ್ನದು. ಯಾವ ವಿಷಯ ಎಷ್ಟನೇ ನಿಮಿಷಕ್ಕೆ ಬರುತ್ತದೆ ಎಂಬ ಅಧ್ಯಾಯಗಳ ಪಟ್ಟಿ ಆ ಟಿಪ್ಪಣಿಯಲ್ಲಿರುತ್ತದೆ. ಕೇಳುಗರು ಅದರಲ್ಲಿನ ಸಮಯವನ್ನು ಬೆರಳಿನಿಂದ ಒತ್ತಿದರೆ ನೇರವಾಗಿ ಅಲ್ಲಿಗೇ ಹೋಗುತ್ತಾರೆ.

ಈ ಕಂತಿಗೆ ಆ ಪಟ್ಟಿ ಬಹಳ ಮುಖ್ಯವೆಂದು ನನಗೆ ಮೊದಲೇ ತಿಳಿದಿತ್ತು. ಕೊಳೆಗೆ ಔಷಧಿಯೆಂದರೆ ಮೈಲುತುತ್ತ ಎಂಬ ತಾಮ್ರದ ಲವಣವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣ. ಮೊದಲ ಔಷಧಿಯನ್ನು ಮಳೆ ಹಿಡಿಯುವ ಮುಂಚೆ ಹೊಡೆಯಬೇಕು, ಎರಡನೆಯದನ್ನು ಅದಾದ ನಲವತ್ತರಿಂದ ನಲವತ್ತೈದು ದಿನಕ್ಕೆ. ಅಂದರೆ ಒಮ್ಮೆ ಆರಾಮವಾಗಿ ಕುಳಿತು ಕೇಳಿದವರೇ ತೋಟದಲ್ಲಿ ಡ್ರಮ್ಮಿನ ಪಕ್ಕ ನಿಂತು ‘ಸುಣ್ಣ ಎಷ್ಟು ಎಂದರು?’ ಎಂದು ಮತ್ತೆ ಹುಡುಕುತ್ತಾರೆ. ಆಗ ಒಂದು ಗಂಟೆ ನಾಲ್ಕು ನಿಮಿಷದ ಮಾತಿನಲ್ಲಿ ಆ ಒಂದು ವಾಕ್ಯ ಅವರಿಗೆ ತಕ್ಷಣ ಸಿಗಬೇಕು.

ನಾನು ಗುರುತು ಹಾಕುವುದು ಕತ್ತರಿಸುವಾಗಲೇ. ಪ್ರತಿ ಮಾತನ್ನೂ ಕಿವಿಗೊಟ್ಟು ಕೇಳುವುದು ಆಗ ಮಾತ್ರ. ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಧ್ವನಿ ಓಡುತ್ತಿರುವಾಗ ಕಂಟ್ರೋಲ್ ಮತ್ತು ಎಂ ಒತ್ತಿದರೆ ಆ ಕ್ಷಣಕ್ಕೆ ಒಂದು ಚೀಟಿ ಬೀಳುತ್ತದೆ, ಅದರಲ್ಲಿ ಎರಡು ಪದ ಬರೆದು ಮುಂದೆ ಹೋಗಬಹುದು. ಕೊನೆಯಲ್ಲಿ ಎಲ್ಲ ಚೀಟಿಗಳನ್ನೂ ಪಠ್ಯ ಕಡತವಾಗಿ ಹೊರತೆಗೆದರೆ ಪ್ರತಿ ಸಾಲಿನಲ್ಲೂ ಆರಂಭ, ಅಂತ್ಯ ಮತ್ತು ಹೆಸರು ಇರುತ್ತವೆ. ಸಮಯವೆಲ್ಲ ಸೆಕೆಂಡುಗಳಲ್ಲಿ:

```
1287.000000	1287.000000	ಕಬ್ಬಿಣದ ಡ್ರಮ್
1394.000000	1394.000000	ಪ್ರಮಾಣ
```

ಆ ದಿನ ಎರಡನೆಯ ಗುರುತನ್ನು ಎಲ್ಲಿ ಹಾಕಬೇಕೆಂಬುದೇ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಬೋರ್ಡೋ ದ್ರಾವಣವನ್ನು ಹೇಗೆ ಮಾಡುತ್ತೀರಿ ಎಂದು ಗೆಳತಿ ಕೇಳಿದ್ದು ಇಪ್ಪತ್ತನೇ ನಿಮಿಷದ ಹೊತ್ತಿಗೆ. ಪ್ರಶ್ನೆ ಬಂದ ಕಡೆ ಗುರುತು ಹಾಕುವುದು ಸಾಮಾನ್ಯವಾಗಿ ಸರಿ, ಪ್ರಶ್ನೆಯಿಲ್ಲದೆ ಉತ್ತರ ಅರ್ಧ ಅನ್ನಿಸುತ್ತದೆ. ಆದರೆ ಹಿರಿಯರು ಪ್ರಶ್ನೆಯನ್ನು ಕೇಳಿದವರೇ, ಮಳೆ ತಾಗದಂತೆ ಅಡಿಕೆ ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದ ಕಾಲಕ್ಕೇ ಮತ್ತೆ ಹೋದರು. ಅಲ್ಲಿಂದ ತಂದೆಯವರು ಔಷಧಿ ಕಲಸಲು ತಂದ ಡ್ರಮ್ಮಿಗೆ, ಆ ಡ್ರಮ್ಮಿನ ತಳ ತೂತಾದ ಕತೆಗೆ. ಕೇಳಲು ಸೊಗಸಾದ ಭಾಗ, ಒಂದು ಮಾತನ್ನೂ ತೆಗೆಯಲು ನನಗೆ ಮನಸ್ಸಾಗಲಿಲ್ಲ. ‘ನೋಡಿ, ಲೆಕ್ಕ ಇಷ್ಟೇ’ ಎಂದು ಅವರು ವಿಷಯಕ್ಕೆ ಬರುವುದು 1394ನೇ ಸೆಕೆಂಡಿಗೆ, ಅಂದರೆ 23:14ಕ್ಕೆ. ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು.

‘ಪ್ರಮಾಣ ಮತ್ತು ಬೆರೆಸುವ ಕ್ರಮ’ ಎಂಬ ಹೆಸರನ್ನು ಒತ್ತಿದವರಿಗೆ ಕೊಟ್ಟೆಯ ಕತೆ ಕೇಳಿಸಿದರೆ ಅವರು ಮುಂದಕ್ಕೆ ತಳ್ಳಲು ಶುರುಮಾಡುತ್ತಾರೆ, ತಳ್ಳುವಾಗ ಬೇಕಾದ ಮಾತನ್ನೇ ದಾಟಿಬಿಡುತ್ತಾರೆ. ಆದ್ದರಿಂದ ಗುರುತನ್ನು ‘ನೋಡಿ’ ಎಂಬ ಮಾತಿಗೂ ಮುಂಚೆ, ಅವರು ಉಸಿರೆಳೆದುಕೊಳ್ಳುವ ಜಾಗದಲ್ಲಿ ಇಟ್ಟೆ. ಹೆಸರು ಏನನ್ನು ಕೊಡುತ್ತೇನೆಂದು ಹೇಳುತ್ತದೋ ಅದು ಮೊದಲ ಕೆಲವು ಸೆಕೆಂಡುಗಳಲ್ಲೇ ಕಿವಿಗೆ ಬೀಳಬೇಕು ಎಂಬುದು ನಾನು ಪಾಲಿಸುವ ನಿಯಮ.

ಹಾಗೆಂದು ಡ್ರಮ್ಮಿನ ಕತೆಯನ್ನು ಹಿಂದಿನ ಅಧ್ಯಾಯದ ಬಾಲವಾಗಿ ಬಿಡುವಂತಿರಲಿಲ್ಲ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಅದನ್ನು ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲೇ ಕರಗಿಸಬೇಕು. ಈ ಎಚ್ಚರಿಕೆ ಇರುವುದು ಆ ಕತೆಯ ಒಳಗೆ. ಪ್ರಮಾಣದ ಗುರುತಿನಿಂದ ಕೇಳಲು ಶುರುಮಾಡಿದವರಿಗೆ ಅದು ತಪ್ಪಿಹೋಗುತ್ತದೆ. ಹಾಗಾಗಿ 1287ನೇ ಸೆಕೆಂಡಿಗೆ ಅದಕ್ಕೇ ಒಂದು ಅಧ್ಯಾಯವನ್ನು ಕೊಟ್ಟೆ. ಅದರ ಉದ್ದ ಎರಡು ನಿಮಿಷವೂ ಇಲ್ಲ. ಉಳಿದವುಗಳಲ್ಲಿ ಹೆಚ್ಚಿನವು ಏಳರಿಂದ ಹನ್ನೊಂದು ನಿಮಿಷ ಇರುವಾಗ ಇದೊಂದು ಇಷ್ಟು ಚಿಕ್ಕದೇ ಎಂದು ಗೆಳತಿ ಕೇಳಿದಳು. ಅಧ್ಯಾಯಗಳು ಸಮ ಅಳತೆಯಲ್ಲಿರಬೇಕಾದ ಅಗತ್ಯ ನನಗೆ ಎಂದೂ ಕಂಡಿಲ್ಲ.

ಇನ್ನೊಂದು ತೊಡಕು ಸ್ವಲ್ಪ ಮುಂದೆ ಇತ್ತು. ದ್ರಾವಣ ಸರಿಯಾಗಿದೆಯೇ ಎಂದು ನೋಡುವ ಬಗೆಯನ್ನು ಹಿರಿಯರು ಅಲ್ಲೇ ಹೇಳದೆ, ಬೇರೆ ಮಾತುಗಳ ನಡುವೆ ನೆನಪಾದಾಗ ಹೇಳಿದ್ದರು. ಶುಭ್ರವಾದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಇನ್ನಷ್ಟು ಸುಣ್ಣದ ನೀರು ಬೇಕು ಎಂದು ಅರ್ಥ. ಪಟ್ಟಿಯಲ್ಲಿ ಸಮಯ ಏರುತ್ತಲೇ ಹೋಗಬೇಕಾದ್ದರಿಂದ ಇದನ್ನು ಪ್ರಮಾಣದ ಪಕ್ಕಕ್ಕೆ ಎಳೆದು ತರುವಂತಿಲ್ಲ. ಯೂಟ್ಯೂಬಿನಲ್ಲಂತೂ ನಿಯಮ ಖಚಿತ: ಮೊದಲ ಸಾಲು 00:00 ಆಗಿರಬೇಕು, ಕನಿಷ್ಠ ಮೂರು ಸಮಯಗಳಿರಬೇಕು, ಏರುಕ್ರಮದಲ್ಲಿರಬೇಕು, ಪ್ರತಿ ಅಧ್ಯಾಯವೂ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಅಧ್ಯಾಯಗಳು ಮೂಡದೇ ಹೋಗಬಹುದು. ಹಾಗಾಗಿ ಪಟ್ಟಿಯ ಮೇಲಿನ ಪೀಠಿಕೆಯಲ್ಲಿ, ಯಾವ ಅಂಕಿಯನ್ನೂ ಹಾಕದೆ, ‘ದ್ರಾವಣವನ್ನು ಕಲಸುವವರು ಮುಂದಿನ ಕತ್ತಿ ಪರೀಕ್ಷೆ ಎಂಬ ಅಧ್ಯಾಯವನ್ನೂ ಕೇಳಿ’ ಎಂದು ಬರೆದೆ.

ಸಂಜೆಯ ಹೊತ್ತಿಗೆ ಆರಂಭದ ಸಂಗೀತವೂ ಕಂತಿನ ಪರಿಚಯವೂ ಸೇರಿದ ಅಂತಿಮ ಕಡತ ಬಂತು. ಅವೆರಡೂ ಸೇರಿ 38 ಸೆಕೆಂಡು. ಅಂದರೆ ನನ್ನ ಎಲ್ಲ ಗುರುತುಗಳೂ ಅಷ್ಟೇ ಮುಂದಕ್ಕೆ ಸರಿಯಬೇಕು: 1394 ಎಂಬುದು 1432 ಆಗಿ, 23:52 ಆಯಿತು. ಕೂಡುವುದು ಸುಲಭ, ಆದರೆ ಕೂಡಿದ್ದನ್ನು ನಾನು ನಂಬುವುದಿಲ್ಲ. ಮಧ್ಯದಲ್ಲಿ ಯಾರಾದರೂ ಒಂದು ಕೆಮ್ಮನ್ನು ಕತ್ತರಿಸಿದ್ದರೂ ಅದರ ನಂತರದ ಗುರುತುಗಳೆಲ್ಲ ಹಿಂದೆ ಸರಿದಿರುತ್ತವೆ. ಅಂತಿಮ ಕಡತದಲ್ಲಿ ಪ್ರತಿ ಸಮಯಕ್ಕೂ ಹೋಗಿ ಮೊದಲ ಮಾತನ್ನು ಕೇಳಿದ ಮೇಲೆಯೇ ಪಟ್ಟಿಯನ್ನು ಬರೆದೆ:

```
00:00 ಪರಿಚಯ
02:46 ಕೊಳೆ ಮೊದಲು ಕಾಣುವುದು ಎಲ್ಲಿ
11:20 ಕೊಟ್ಟೆ ಕಟ್ಟುತ್ತಿದ್ದ ಕಾಲ
22:05 ಕಬ್ಬಿಣದ ಡ್ರಮ್ ಏಕೆ ಬೇಡ
23:52 ಬೋರ್ಡೋ: ಪ್ರಮಾಣ, ಬೆರೆಸುವ ಕ್ರಮ
31:05 ಮೊದಲ ಸಿಂಪಡಣೆ ಯಾವಾಗ
41:30 ಕತ್ತಿ ಪರೀಕ್ಷೆ
49:15 ಕೊನೆಗಾರರು ಸಿಗದ ವರ್ಷಗಳು
1:00:40 ಕೇಳುಗರ ಪ್ರಶ್ನೆಗಳು
```

ಸಮಯವನ್ನೂ ಕನ್ನಡ ಅಂಕಿಗಳಲ್ಲೇ ಬರೆಯೋಣ ಎಂಬ ಆಸೆ ಗೆಳತಿಗೆ ಇತ್ತು. ನನಗೂ ಕನ್ನಡ ಅಂಕಿಗಳು ಇಷ್ಟ, ಕಂತಿನ ಸಂಖ್ಯೆಯನ್ನು ನಾವು ಅವುಗಳಲ್ಲೇ ಬರೆಯುತ್ತೇವೆ. ಆದರೆ ೨೩:೫೨ ಎಂದು ಬರೆದು ನಾವು ನೋಡಿದ ಕಡೆಯಲ್ಲೆಲ್ಲ ಅದು ಕೊಂಡಿಯಾಗದೆ ಬರಿಯ ಅಕ್ಷರವಾಗಿಯೇ ಉಳಿಯಿತು. ನಾವು ಗಡಿಯಾರದ ಸಮಯವನ್ನು ಬರೆಯುವಾಗ ಚುಕ್ಕಿ ಇಡುವಂತೆ 23.52 ಎಂದು ಬರೆದರೂ ಅಷ್ಟೇ. ನಡುವೆ ಎರಡು ಚುಕ್ಕಿ ಬೇಕು, ಗಂಟೆ ದಾಟಿದ ಮೇಲೆ 60:40 ಎನ್ನದೆ 1:00:40 ಎಂದು ಮೂರು ಭಾಗವಾಗಿ ಬರೆಯಬೇಕು. ಹೆಸರುಗಳನ್ನು ಚಿಕ್ಕದಾಗಿ ಇಟ್ಟದ್ದಕ್ಕೂ ಕಾರಣವಿದೆ. ಮೊಬೈಲಿನ ಪರದೆಯಲ್ಲಿ ಉದ್ದನೆಯ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ, ಹಾಗಾಗಿ ಜನ ಹುಡುಕುವ ಪದ ಮೊದಲೇ ಬರಬೇಕು.

ಕಂತು ಹೊರಬಂದ ದಿನ ಮಧ್ಯಾಹ್ನ ತೀರ್ಥಹಳ್ಳಿಯ ಕಡೆಯ ಕೇಳುಗರೊಬ್ಬರು ಫೋನ್ ಮಾಡಿದರು. ‘ತಮ್ಮಾ, ಪ್ರಮಾಣ ಎಂದಿರುವಲ್ಲಿ ಒತ್ತಿದರೆ ಇನ್ನೂ ಡ್ರಮ್ಮಿನ ಕತೆಯೇ ನಡೆಯುತ್ತಿದೆಯಲ್ಲ!’ ನನ್ನ ಬಳಿಯಿದ್ದ ಕಡತದಲ್ಲಿ ಮತ್ತೆ ನೋಡಿದೆ, 23:52 ಸರಿಯಾಗಿಯೇ ಇತ್ತು. ಇಂಥ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಮೊಬೈಲಿನಲ್ಲಿ ಕಂತಿನ ಒಟ್ಟು ಉದ್ದ ಎಷ್ಟು ತೋರಿಸುತ್ತದೆ? ನಮ್ಮದು 1:04:20. ಅವರು ಓದಿ ಹೇಳಿದ್ದು 1:04:50.

ಆ ಮೂವತ್ತು ಸೆಕೆಂಡು ಜಾಹೀರಾತಿನದು. ನಮ್ಮ ಕಡತಗಳನ್ನು ಇಟ್ಟುಕೊಂಡು ಹಂಚುವ ಸೇವೆ, ಕೇಳುಗರು ಕಂತನ್ನು ತೆರೆದ ಗಳಿಗೆಯಲ್ಲಿ ಅದರ ತಲೆಗೆ ಒಂದು ಜಾಹೀರಾತನ್ನು ಹೊಲಿದು ಕಳಿಸುತ್ತಿತ್ತು. ಯಾರಿಗೆ, ಯಾವ ಊರಿಗೆ, ಎಷ್ಟು ಉದ್ದದ್ದು ಎಂಬುದು ಬದಲಾಗುತ್ತಲೇ ಇರುತ್ತದೆ. ಕೆಲವರಿಗೆ ಏನೂ ಬರುವುದಿಲ್ಲ. ಟಿಪ್ಪಣಿಯಲ್ಲಿ ಬರೆದ ಸಮಯ ಮಾತ್ರ ಎಲ್ಲರಿಗೂ ಒಂದೇ. ಆದ್ದರಿಂದ ಎಲ್ಲರಿಗೂ ಮೂವತ್ತು ಸೆಕೆಂಡು ಕೂಡಿ ಬರೆಯುತ್ತೇನೆ ಎಂದರೆ ಜಾಹೀರಾತು ಬಾರದವರ ಪಾಲಿಗೆ ಪಟ್ಟಿ ಕೆಡುತ್ತದೆ. ಕೇಳುಗರ ದೂರುಗಳಿಂದಲೂ ಇದನ್ನು ಗುರುತಿಸಬಹುದು. ಜಾಹೀರಾತು ತಲೆಯಲ್ಲಿದ್ದರೆ ಎಲ್ಲ ಅಧ್ಯಾಯಗಳೂ ಒಂದೇ ಅಳತೆಯಲ್ಲಿ ತಪ್ಪುತ್ತವೆ. ನಡುವೆ ಸೇರಿಸಿದ್ದರೆ ಅದಕ್ಕಿಂತ ಹಿಂದಿನವು ಸರಿಯಿದ್ದು, ಮುಂದಿನವು ಮಾತ್ರ ತಪ್ಪುತ್ತವೆ.

ಜಾಹೀರಾತೇ ಬೇಡ ಎನ್ನುವ ಸ್ಥಿತಿಯಲ್ಲಿ ನಾವಿಲ್ಲ, ಅದರ ಹಣದಿಂದಲೇ ಈ ಸೇವೆಯ ಬಾಡಿಗೆ ಸಂದಾಯವಾಗುತ್ತದೆ. ಆ ಸೇವೆಯ ಸೆಟ್ಟಿಂಗ್‌ಗಳಲ್ಲಿ ಹುಡುಕಿ, ಈ ಕಂತಿನ ಜಾಹೀರಾತನ್ನು ತಲೆಯಿಂದ ತೆಗೆದು ಕಂತಿನ ಕೊನೆಗೆ ಸರಿಸಿದೆ. ಕೊನೆಯಲ್ಲಿ ಏನನ್ನು ಸೇರಿಸಿದರೂ ಅದರ ಹಿಂದಿನ ಯಾವ ಸಮಯವೂ ಅಲುಗುವುದಿಲ್ಲ. ಕೊನೆಯವರೆಗೆ ಕೇಳುವವರು ಕಡಿಮೆಯಾದ್ದರಿಂದ ಆದಾಯ ಕುಗ್ಗುತ್ತದೆ ಎಂದು ಗೆಳತಿಗೆ ಹೇಳಿದೆ. ‘ಔಷಧಿಯ ಕಂತಿಗೆ ಹೀಗೇ ಇರಲಿ, ಹರಟೆಯ ಕಂತುಗಳಿಗೆ ನೋಡೋಣ’ ಎಂದಳು. ಅದು ನ್ಯಾಯವಾದ ಮಾತು. ಹರಟೆಯಲ್ಲಿ ಅರ್ಧ ನಿಮಿಷ ಆಚೀಚೆ ಆದರೆ ಯಾರಿಗೂ ನಷ್ಟವಿಲ್ಲ.

ಈಗಾಗಲೇ ಕಂತನ್ನು ಇಳಿಸಿಕೊಂಡವರ ಮೊಬೈಲಿನಲ್ಲಿ ಹಳೆಯ ಕಡತವೇ ಉಳಿದಿರುತ್ತದೆ. ನಾವು ಇಲ್ಲಿ ಏನು ಬದಲಿಸಿದರೂ ಅದಕ್ಕೆ ತಾಕುವುದಿಲ್ಲ. ತೀರ್ಥಹಳ್ಳಿಯವರಿಗೆ ಮತ್ತೆ ಫೋನ್ ಮಾಡಿ, ಅದನ್ನು ಅಳಿಸಿ ಹೊಸದಾಗಿ ಇಳಿಸಿಕೊಳ್ಳಲು ಹೇಳಿದೆ. ಫೋನ್ ಇಡದೆ ಅವರು ಒತ್ತಿ ನೋಡಿದರು. ‘ನೋಡಿ, ಲೆಕ್ಕ ಇಷ್ಟೇ’ ಎಂಬುದು ನನಗೂ ಕೇಳಿಸಿತು.

ಬಳಿಕ ಅವರು ಇನ್ನೊಂದನ್ನು ಕೇಳಿದರು: ಸುಣ್ಣ ಗಾಳಿಗೆ ಪುಡಿಯಾಗಿ ಹಳತಾಗಿದ್ದರೆ ಏನು ಮಾಡಬೇಕೆಂದು ಹಿರಿಯರು ಎಲ್ಲೋ ಹೇಳಿದ ನೆನಪು, ಅದು ಎಲ್ಲಿದೆ? ಅದು ಪ್ರಮಾಣದ ಅಧ್ಯಾಯದ ಒಳಗೆ, 27:40ಕ್ಕೆ ಇತ್ತು. ನಾನು ಅದನ್ನು ಪ್ರತ್ಯೇಕವಾಗಿ ಗುರುತಿಸುವಷ್ಟು ದೊಡ್ಡ ವಿಷಯವೆಂದು ಎಣಿಸಿರಲಿಲ್ಲ, ಆದರೆ ತೋಟದಲ್ಲಿ ಹಳೆಯ ಸುಣ್ಣದ ಚೀಲವನ್ನು ಮುಂದಿಟ್ಟುಕೊಂಡವರಿಗೆ ಅದೇ ದೊಡ್ಡದು. ಅಧ್ಯಾಯಗಳನ್ನು ಎಂಪಿ3 ಕಡತದ ಒಳಗೇ ಅಚ್ಚೊತ್ತಿದ್ದರೆ ಹೊಸ ಕಡತವನ್ನೇ ಏರಿಸಬೇಕಾಗುತ್ತಿತ್ತು. ನಮ್ಮದು ಬರಿಯ ಟಿಪ್ಪಣಿಯ ಪಟ್ಟಿಯಾದ್ದರಿಂದ ಒಂದು ಸಾಲನ್ನು ಸೇರಿಸಿದರೆ ಸಾಕಾಗಿತ್ತು. 23:52ಕ್ಕೂ 31:05ಕ್ಕೂ ನಡುವೆ ‘27:40 ಸುಣ್ಣ ಹಳತಾಗಿದ್ದರೆ’ ಎಂದು ಸೇರಿಸಿ ಉಳಿಸಿದೆ. ಆ್ಯಪ್‌ಗಳು ಹೊಸ ಟಿಪ್ಪಣಿಯನ್ನು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರ ತನಕ ಬೇಕಾಗುತ್ತದೆಂದು ಆ ಸಾಲನ್ನು ಅವರಿಗೆ ಫೋನಿನಲ್ಲೇ ಬರೆಸಿದೆ.