ಕರೆಯೋಕೆ ಮನೆಗೇ ಬಂದವರಿಗೆ ‘ಬರೋಕಾಗಲ್ಲ’ ಅನ್ನೋದು ಹೇಗೆ?

“ಮದುವೆಗೆ ಕರೆಯೋಕೆ ಮನೆಗೇ ಬಂದಿದ್ದರು. ಹೋಗೋಕೆ ಆಗಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ಅವರಿಗೆ ಬೇಜಾರಾಗದ ಹಾಗೆ ಹೇಗೆ ಹೇಳಲಿ?”

ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು, ಲಗ್ನಪತ್ರಿಕೆ ಕೈಗಿಡುವ ಹೊತ್ತಿನಲ್ಲಿ ಹೇಳಬೇಡಿ. ಹೊರಡುವಾಗಲೂ ‘ಹೋಗಿ ಬರ್ತೀನಿ’ ಅನ್ನುವವರು ನಾವು. ಶುಭಕಾರ್ಯದ ಮಾತಿನ ಮಧ್ಯೆ ‘ಇಲ್ಲ’ ಕೇಳಿದರೆ ಹಿರಿಯರಿಗೆ ಮನಸ್ಸು ಚುರ್ ಅನ್ನುತ್ತದೆ. ಪತ್ರಿಕೆ ತಗೊಳ್ಳಿ, ದೇವರ ಮುಂದೆ ಇಡಿ, ಹುಡುಗಿ ಯಾವ ಊರಿನವಳು ಅಂತ ಕೇಳಿ, ಕಾಫಿ ಕೊಡಿ.

ಆದರೆ ‘ನೋಡೋಣ, ಬರ್ತೀವಿ’ ಅಂತ ಮಾತ್ರ ಕಳಿಸಬೇಡಿ. ನಾನು ಒಮ್ಮೆ ಹಾಗೆ ಮಾಡಿದ್ದೆ. ಅವರು ನಾವು ನಾಲ್ಕು ಜನ ಬರ್ತೀವಿ ಅಂತಲೇ ಲೆಕ್ಕ ಹಿಡಿದಿದ್ದರು. ಉಳಿದುಕೊಳ್ಳೋಕೆ ರೂಮನ್ನೂ ಇಟ್ಟಿದ್ದರು. ಮುಹೂರ್ತ ಮುಗಿದ ಮೇಲೂ ಬಾಗಿಲು ನೋಡುತ್ತಿದ್ದರಂತೆ. ಆ ನೋವು ವರ್ಷಗಟ್ಟಲೆ ಉಳಿಯಿತು. ಬರಲಿಲ್ಲ ಅನ್ನೋದಕ್ಕಿಂತ, ಕಾಯಿಸಿದರು ಅನ್ನೋದೇ ಅವರಿಗೆ ಜಾಸ್ತಿ ನೋವು ಕೊಟ್ಟಿತ್ತು.

ಹೋದ ವರ್ಷ ದೊಡ್ಡಮ್ಮ ಮೊಮ್ಮಗನ ಮದುವೆಗೆ ಕರೆಯೋಕೆ ಬಂದರು. ಮುಹೂರ್ತದ ದಿನವೇ ಮಗಳಿಗೆ ಪರೀಕ್ಷೆ. “ಎಲ್ಲರೂ ಬರಲೇಬೇಕು” ಅಂದರು. ನಾನು, “ನಮ್ಮನೆ ಮದುವೆನೇ ಅಲ್ವಾ ದೊಡ್ಡಮ್ಮ? ಪರೀಕ್ಷೆ ದಿನ ನೋಡಿಕೊಂಡು ನಾಳೆ ಸಂಜೆ ನಾನೇ ಫೋನ್ ಮಾಡ್ತೀನಿ” ಅಂದೆ. ಯಾವತ್ತು ಅಂತ ಹೇಳಿದ್ದರಿಂದ ಅವರೂ ಸಮಾಧಾನವಾಗಿ ಹೊರಟರು.

ಮರುದಿನ ಫೋನ್ ಮಾಡಿದೆ. ಮೆಸೇಜ್ ಅಲ್ಲ, ಅವರ ಮಗನ ಮೂಲಕವೂ ಅಲ್ಲ. ಕರೆದವರು ದೊಡ್ಡಮ್ಮ, ಉತ್ತರವೂ ಅವರಿಗೇ ಹೋಗಬೇಕು. “ದೊಡ್ಡಮ್ಮ, ಮುಹೂರ್ತಕ್ಕೆ ನಾನೂ ಮಗಳೂ ಬರೋಕಾಗಲ್ಲ. ಅವತ್ತೇ ಅವಳ ಪರೀಕ್ಷೆ. ಇವರೊಬ್ಬರು ಹಿಂದಿನ ಸಂಜೆ ಆರತಕ್ಷತೆಗೆ ಬಂದು, ರಾತ್ರಿಯೇ ಹೊರಡ್ತಾರೆ. ಮುಹೂರ್ತದ ಊಟಕ್ಕೆ ನಮ್ಮನ್ನ ಎಲೆ ಲೆಕ್ಕಕ್ಕೆ ಹಿಡಿಯಬೇಡಿ” ಅಂದೆ.

ಕಾರಣ ಒಂದೇ ಹೇಳಿದೆ, ಅದೂ ನಿಜವಾದದ್ದು. ಪರೀಕ್ಷೆ, ಜೊತೆಗೆ ಅತ್ತೆಗೆ ಮಂಡಿನೋವು, ಮೇಲೆ ಆಫೀಸಿನಲ್ಲಿ ರಜೆ ಇಲ್ಲ ಅಂತ ಪೋಣಿಸುತ್ತಾ ಹೋದರೆ ಯಾವುದನ್ನೂ ನಂಬೋದಿಲ್ಲ. ಹೇಳೋಕೆ ಆಗದ ಕಾರಣ ಇದ್ದರೆ “ಅವತ್ತು ಆಗ್ತಾ ಇಲ್ಲ ದೊಡ್ಡಮ್ಮ” ಅಂದರೆ ಸಾಕು. ಸುಳ್ಳು ಹೇಳಬೇಡಿ. ನೆಂಟರ ನಡುವೆ ಅದು ವಾರದೊಳಗೆ ಗೊತ್ತಾಗುತ್ತದೆ.

ದೊಡ್ಡಮ್ಮ ಒಂದು ಕ್ಷಣ ಸುಮ್ಮನಾದರು. ಆ ಮೌನಕ್ಕೆ ಹೆದರಿ ‘ಆದಷ್ಟು ನೋಡ್ತೀನಿ’ ಅಂದುಬಿಡೋರು ಬಹಳ ಜನ. ಅಲ್ಲಿಗೆ ಮತ್ತೆ ಕಾಯಿಸಿದ ಹಾಗಾಯಿತು. ನಾನು ಮಾತು ಬದಲಿಸಲಿಲ್ಲ. “ಮದುಮಕ್ಕಳನ್ನ ನಮ್ಮನೆಗೆ ಊಟಕ್ಕೆ ಕರೀಬೇಕು. ಪರೀಕ್ಷೆ ಮುಗಿದ ಭಾನುವಾರ ಆಗತ್ತಾ?” ಅಂತ ಕೇಳಿದೆ. ‘ಯಾವಾಗಾದರೂ ಬನ್ನಿ’ ಅಂದಿದ್ದರೆ ಅದು ಬಾಯಿಮಾತು ಅಂತ ಅವರಿಗೂ ಗೊತ್ತಾಗುತ್ತಿತ್ತು.

ಆ ಭಾನುವಾರ ದೊಡ್ಡಮ್ಮನೂ ಬಂದರು. ಮದುವೆಯ ಚಿರೋಟಿ ಡಬ್ಬಿಯಲ್ಲಿ ಎತ್ತಿಟ್ಟು, ಮಗಳಿಗೆ ಅಂತ ತಂದಿದ್ದರು.